ಹಳೇ ಡಿಮಾಂಡ್ ತಗಾದೆಯಲ್ಲಿದ್ದಾಗ ಪ್ಲಾಟ್ ಮಾರುವುದು: ಕಾಕಾ ಕೊಟ್ಟ ಅರ್ಜಿ

ಆಸ್ತಿ ಮಾರುವ ಮೊದಲು ‘ಟ್ಯಾಕ್ಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್’ ತರಬೇಕು ಅನ್ನುವ ಮಾತು ನಮ್ಮ ಕಡೆ ಈಗಲೂ ಓಡಾಡುತ್ತದೆ. ಗದಗ-ಬೆಟಗೇರಿಯಲ್ಲಿ ಬಾಂಡ್ ಬರೆಯುವವರ ಹತ್ತಿರ ಕೇಳಿ, ಮುಂಡರಗಿಯಲ್ಲಿ ಕೇಳಿ, ವಯಸ್ಸಾದವರು ಯಾರಾದರೂ ಹೇಳುತ್ತಾರೆ. ಈ ಮಾತು ಅರ್ಧ ಹಳೇದು, ಅರ್ಧ ಈಗಲೂ ಜೀವಂತ. ಯಾವ ಅರ್ಧ ಯಾವುದು ಅಂತ ತಿಳಿಯದೆ ಹೋದರೆ ವ್ಯವಹಾರ ಮುರಿಯುತ್ತದೆ, ಇಲ್ಲವೇ ಕೊಂಡವರ ಕುತ್ತಿಗೆಗೆ ಬರುತ್ತದೆ. ನಮ್ಮ ತಂಡದ ಒಬ್ಬರ ಕಾಕಾ ಕಳೆದ ವರ್ಷ ಲಕ್ಷ್ಮೇಶ್ವರದ ತಮ್ಮ ಪ್ಲಾಟ್ ಮಾರುವಾಗ ನಾವು ಅವರ ಜೊತೆ ಓಡಾಡಿದೆವು, ಅರ್ಜಿ ಬರೆಯಲು ಕೂತೆವು. ಅದರಿಂದ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಹಳೇ ಅರ್ಧ. ಆದಾಯ ತೆರಿಗೆ ಕಾಯ್ದೆಯಲ್ಲಿ 230ಎ ಅಂತ ಒಂದು ಕಲಂ ಇತ್ತು. 5 ಲಕ್ಷ ರೂಪಾಯಿಗಿಂತ ಹೆಚ್ಚು ಬೆಲೆಯ ಆಸ್ತಿ ಮಾರುವವರು ತೆರಿಗೆ ಅಧಿಕಾರಿಯಿಂದ ಸರ್ಟಿಫಿಕೇಟ್ ತರದಿದ್ದರೆ ಸಬ್ ರಜಿಸ್ಟ್ರಾರ್ ಖರೀದಿ ಪತ್ರವನ್ನು ನೋಂದಣಿ ಮಾಡುತ್ತಿರಲಿಲ್ಲ. ಆ ಕಲಂ 2001ರ ಜೂನ್ 1ರಿಂದ ಹೋಯಿತು. ಹಿರಿಯರ ನೆನಪಿನಲ್ಲಿರುವ ‘ಕ್ಲಿಯರೆನ್ಸ್’ ಅದೇ. ಈಗ ಸಬ್ ರಜಿಸ್ಟ್ರಾರ್ ಕಚೇರಿಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ.

ಜೀವಂತ ಇರುವ ಅರ್ಧ ಬೇರೆ ಕಲಂನಲ್ಲಿದೆ. 1961ರ ಕಾಯ್ದೆಯ ಕಲಂ 281 ಹೇಳುವುದು ಇಷ್ಟು: ಒಬ್ಬರ ಮೇಲೆ ಆದಾಯ ತೆರಿಗೆಯ ವಿಚಾರಣೆ ನಡೆದಿರುವಾಗ, ಅಥವಾ ವಿಚಾರಣೆ ಮುಗಿದು ತೆರಿಗೆ ಬಾಕಿ ಉಳಿದಿರುವಾಗ ಅವರು ಆಸ್ತಿ ಮಾರಿದರೆ, ಆ ತೆರಿಗೆಯ ವಸೂಲಿಯ ಮಟ್ಟಿಗೆ ಆ ಮಾರಾಟ ನಡೆಯದು. ಅಂದರೆ ಕೊಂಡವರ ಹೆಸರಿಗೆ ಖಾತೆ ಆಗಿದ್ದರೂ ಇಲಾಖೆ “ಇದು ನಮ್ಮ ಬಾಕಿದಾರನ ಆಸ್ತಿ” ಅಂತ ಹಿಂದೆ ಬರಬಹುದು. ಬಾಕಿ 5,000 ರೂಪಾಯಿ ದಾಟಿದ್ದು, ಆಸ್ತಿಯ ಬೆಲೆ 10,000 ರೂಪಾಯಿ ದಾಟಿದ್ದರೆ ಸಾಕು, ಈ ಕಲಂ ಬರುತ್ತದೆ. ಇವತ್ತಿನ ದಿನದಲ್ಲಿ ಯಾವ ಪ್ಲಾಟ್ ಇದರ ಹೊರಗೆ ಉಳಿದೀತು? ಕಾಯ್ದೆ ‘ಭೂಮಿ, ಕಟ್ಟಡ’ ಅಂತ ಹೇಳುತ್ತದೆ. ಆದ್ದರಿಂದ ಹೊಲಕ್ಕೆ ಇದು ಹತ್ತುವುದಿಲ್ಲ ಅಂದುಕೊಂಡು ಕೂಡಬಾರದು.

ಇನ್ನೆರಡು ಕಾಗದಗಳ ಜೊತೆ ಇದನ್ನು ಕಲಸುವುದು ಬೇಡ. ನಗರಸಭೆ, ಪುರಸಭೆ ಅಥವಾ ಪಂಚಾಯ್ತಿಯವರು ಕೊಡುವ ಬಾಕಿ ಇಲ್ಲದ ಪತ್ರ ಮನೆ ತೆರಿಗೆಯದ್ದು. ಸಬ್ ರಜಿಸ್ಟ್ರಾರ್ ಕೊಡುವ ಋಣಭಾರ ಪತ್ರ, ಜನ ಇ.ಸಿ. ಅನ್ನುವುದು, ನೋಂದಣಿಯಾದ ಸಾಲ ಮತ್ತು ವ್ಯವಹಾರಗಳದ್ದು. ಈ ಎರಡೂ ಚೊಕ್ಕ ಇದ್ದರೂ ಆದಾಯ ತೆರಿಗೆಯ ಹಳೇ ಡಿಮಾಂಡ್ ಅವುಗಳಲ್ಲಿ ಕಾಣುವುದಿಲ್ಲ. ಇಲಾಖೆ ಆಸ್ತಿಯನ್ನು ಜಪ್ತಿ ಮಾಡಿ ಅದು ನೋಂದಣಿ ಕಚೇರಿಯ ದಾಖಲೆಗೆ ಬಂದ ಮೇಲಷ್ಟೇ ಇ.ಸಿ.ಯಲ್ಲಿ ಕಾಣಿಸೀತು.

ಈಗ ಕಾಕಾನ ಲೆಕ್ಕ.

ಕಾಕಾ ಮುಂಡರಗಿ ತಾಲ್ಲೂಕಿನ ರೈತರು. ನಾಲ್ಕೂವರೆ ಎಕರೆ ಹೊಲ. 2016ರ ನವೆಂಬರ್‌ನಲ್ಲಿ 500 ಮತ್ತು 1000 ರೂಪಾಯಿ ನೋಟು ರದ್ದಾದಾಗ ಮನೆಯಲ್ಲಿದ್ದ 8 ಲಕ್ಷ ರೂಪಾಯಿಯನ್ನು ತಮ್ಮ ಖಾತೆಗೆ ತುಂಬಿದರು. ಎರಡು-ಮೂರು ವರ್ಷದ ಶೇಂಗಾ, ಮೆಣಸಿನಕಾಯಿ ಮಾರಿದ ದುಡ್ಡು, ಒಂದು ಜೋಡಿ ಎತ್ತು ಮಾರಿದ ದುಡ್ಡು, ಮಗಳ ಮದುವೆಗೆ ಅಂತ ಕೂಡಿಟ್ಟದ್ದು. ಒಕ್ಕಲುತನದ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ, ಹಾಗಾಗಿ ಅವರು ರಿಟರ್ನ್ ತುಂಬಿದವರೇ ಅಲ್ಲ. “ಈ ರೊಕ್ಕ ಎಲ್ಲಿಂದ ಬಂತು” ಅಂತ ಇಲಾಖೆ ಕಳಿಸಿದ ನೋಟಿಸ್‌ಗಳು ಪಾನ್ ಕಾರ್ಡ್ ಮಾಡಿಸಿದವನ ಇ-ಮೇಲ್‌ಗೆ ಹೋಗಿ ಕೂತವು. ಉತ್ತರ ಬರದ ಕಾರಣ 2019ರ ಡಿಸೆಂಬರ್‌ನಲ್ಲಿ ಅಧಿಕಾರಿ ತಮಗೆ ತೋರಿದಂತೆ ಆದೇಶ ಬರೆದರು. 8 ಲಕ್ಷವೂ ಲೆಕ್ಕ ಸಿಗದ ಹಣ ಎಂದಾಯಿತು. ಅಂಥ ಹಣಕ್ಕೆ ಆ ವರ್ಷದ ತೆರಿಗೆ, ಸರ್‌ಚಾರ್ಜ್, ಸೆಸ್ ಎಲ್ಲ ಸೇರಿ ನೂರಕ್ಕೆ 77.25 ರೂಪಾಯಿ. 8 ಲಕ್ಷಕ್ಕೆ 6,18,000. ಮೇಲೆ ಬಡ್ಡಿ. ಒಟ್ಟು ಡಿಮಾಂಡ್ 10,01,160 ರೂಪಾಯಿ. ಇದ್ದ ದುಡ್ಡಿಗಿಂತ ತೆರಿಗೆಯೇ ಹೆಚ್ಚು.

ಆದೇಶ ಮಾತ್ರ ಅಂಚೆಯಲ್ಲಿ ಮನೆಗೆ ಬಂತು. ಕಾಕಾ ಗಾಬರಿಯಾಗಿ ಗದಗಿನ ಒಬ್ಬ ತೆರಿಗೆ ಸಲಹೆಗಾರರ ಹತ್ತಿರ ಹೋದರು. 30 ದಿನದ ಒಳಗೆ, 1,000 ರೂಪಾಯಿ ಫೀ ತುಂಬಿ ಮೇಲ್ಮನವಿ ಹಾಕಿದರು. ದಲಾಲಿ ಅಂಗಡಿಯ ಪಟ್ಟಿಗಳು, ಉತಾರ, ಬೆಳೆಯ ವಿವರ ಎಲ್ಲ ಸೇರಿಸಿದರು. ಆಮೇಲೆ ಮೇಲ್ಮನವಿಗಳೆಲ್ಲ ಮುಖ ನೋಡದೆ ಕಂಪ್ಯೂಟರ್ ಮೂಲಕವೇ ನಡೆಯುವ ಪದ್ಧತಿ ಬಂತು. ಕಾಕಾನದು ಸಾಲಿನಲ್ಲಿ ನಿಂತಿತು. ವರ್ಷಗಳು ಹೋದವು.

ಅಪೀಲು ಹಾಕಿದ್ದೇವಲ್ಲ, ಇನ್ನೇನು ಅಂತ ಮನೆಯವರು ಸುಮ್ಮನಿದ್ದರು. ಇಲ್ಲೇ ಬಹಳ ಮಂದಿ ತಿಳಿಯದ ಒಂದು ಮಾತಿದೆ. ಅಪೀಲು ಹಾಕಿದ ಮಾತ್ರಕ್ಕೆ ವಸೂಲಿ ನಿಲ್ಲುವುದಿಲ್ಲ. ತಡೆಗೆ ಬೇರೆ ಅರ್ಜಿ ಕೊಡಬೇಕು. ಕಲಂ 220(6)ರ ಕೆಳಗೆ ಅಧಿಕಾರಿ, ಮೇಲ್ಮನವಿ ಮುಗಿಯುವ ತನಕ ಈತನನ್ನು ಬಾಕಿದಾರ ಅಂತ ಹಿಡಿಯುವುದಿಲ್ಲ ಎಂದು ಆದೇಶ ಕೊಡಬಹುದು. ಅದಕ್ಕೆ ಸಾಮಾನ್ಯವಾಗಿ ತಗಾದೆಯ ಮೊತ್ತದ ನೂರಕ್ಕೆ 20ರಷ್ಟು ತುಂಬಿಸಿಕೊಳ್ಳುತ್ತಾರೆ. 2016ರ ಫೆಬ್ರುವರಿಯ ಸೂಚನೆಯಲ್ಲಿ ಇದು ನೂರಕ್ಕೆ 15 ಇತ್ತು, 2017ರ ಜುಲೈ 31ರಂದು 20ಕ್ಕೆ ಏರಿಸಿದರು. ಇದು ಕಲ್ಲಿನ ಮೇಲಿನ ಗೆರೆಯೇನಲ್ಲ. ಕಡಿಮೆಗೂ ತಡೆ ಕೊಡಬಹುದು ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಆದರೆ ಕಚೇರಿಯಲ್ಲಿ ಮಾತು ಶುರುವಾಗುವುದು 20ರಿಂದಲೇ. ಕಾಕಾನ ಲೆಕ್ಕದಲ್ಲಿ ಅದು 2,00,232 ರೂಪಾಯಿ.

2025ರ ಬೇಸಿಗೆಯಲ್ಲಿ ಮದುವೆ ಸಾಲ ತೀರಿಸಲು ಲಕ್ಷ್ಮೇಶ್ವರದ ಪ್ಲಾಟ್ ಮಾರುವುದೆಂದು ಮನೆಯಲ್ಲಿ ತೀರ್ಮಾನವಾಯಿತು. ಶಿರಹಟ್ಟಿಯಲ್ಲಿ ಶಾಲೆ ಕಲಿಸುವ ಒಬ್ಬ ಮಾಸ್ತರರು 14,50,000 ರೂಪಾಯಿಗೆ ಒಪ್ಪಿದರು. ಅರ್ಧ ದುಡ್ಡು ಅವರ ಉಳಿತಾಯದ್ದು, ಅರ್ಧ ಬ್ಯಾಂಕ್ ಸಾಲ. ಸಂಚಕಾರ ಬರೆಯುವ ಹೊತ್ತಿಗೆ ಕಾಕಾ ತಾವಾಗಿಯೇ ಬಾಯಿ ಬಿಟ್ಟರು:

“ಮಾಸ್ತರ, ನನ್ನ ಮ್ಯಾಲ ಇನ್ಕಮ್ ಟ್ಯಾಕ್ಸಿನೋರ್ದು ಒಂದು ತಗಾದೆ ಐತ್ರಿ. ಅಪೀಲಿನ್ಯಾಗ ಐತಿ. ನಿಮಗ ಗೊತ್ತಿರಲಿ ಅಂತ ಹೇಳಾಕತ್ತೀನಿ.”

ಮಾಸ್ತರರ ಮುಖ ಬಾಡಿತು. ಅವರ ವಕೀಲರು ಕೇಳಿ ಹೇಳಿದರು: “ಇದು ಗೊತ್ತಾದ ಮ್ಯಾಲ ಹಂಗ ಖರೀದಿ ಮಾಡಾಕ ಬರೂದಿಲ್ರಿ. ಪರವಾನಗಿ ತರ್ರಿ.”

ಕಾಕಾಗೆ ಬೇಜಾರಾಯಿತು. ನಿಜ ಹೇಳಿದ್ದಕ್ಕೆ ವ್ಯವಹಾರ ನಿಂತಿತಲ್ಲ ಅಂತ. ದಲಾಲ ಬೇರೆ ಕಿವಿಯಲ್ಲಿ ಊದಿದ: “ಯಾಕ ಹೇಳಾಕ ಹೋದ್ರಿ? ಸುಮ್ಮನಿದ್ರ ಯಾರಿಗ ಗೊತ್ತಾಗ್ತಿತ್ತು?”

ದಲಾಲನ ಮಾತಿನಲ್ಲಿ ಒಂದು ಎಳೆ ನಿಜ ಇದೆ, ಅದನ್ನು ಬಿಡಿಸಿ ನೋಡಬೇಕು. ಕಲಂ 281 ಎರಡು ದಾರಿಯಲ್ಲಿ ಕೊಂಡವರನ್ನು ಕಾಯುತ್ತದೆ. ಒಂದು, ಕೊಂಡವರು ಸರಿಯಾದ ಬೆಲೆ ಕೊಟ್ಟಿರಬೇಕು, ಮತ್ತು ಮಾರುವವರ ಮೇಲೆ ವಿಚಾರಣೆ ಅಥವಾ ಬಾಕಿ ಇದೆ ಎಂಬುದು ಅವರಿಗೆ ತಿಳಿದಿರಬಾರದು. ಎರಡೂ ಬೇಕು. ಇನ್ನೊಂದು, ಮಾರುವ ಮೊದಲೇ ಅಸೆಸಿಂಗ್ ಆಫೀಸರ್‌ನ ಅನುಮತಿ ಪಡೆದಿರಬೇಕು. ಕಾಕಾ ತಗಾದೆಯ ವಿಷಯ ಹೇಳಿದ ಕ್ಷಣ ಮಾಸ್ತರರಿಗೆ ಮೊದಲನೇ ದಾರಿ ಮುಚ್ಚಿತು. ಇನ್ನು ಉಳಿದದ್ದು ಅನುಮತಿಯ ದಾರಿ ಒಂದೇ.

ಹಾಗಂತ ಮುಚ್ಚಿಟ್ಟರೆ ಒಳ್ಳೆಯದಾಗುತ್ತಿತ್ತೇ? ಇಲ್ಲ. ನಾಳೆ ಇಲಾಖೆ ಬಂದರೆ “ನನಗೆ ಗೊತ್ತಿರಲಿಲ್ಲ, ನಾನು ಪೂರ್ತಿ ಬೆಲೆ ಕೊಟ್ಟಿದ್ದೇನೆ” ಅಂತ ತೋರಿಸಿಕೊಡುವ ಪಾಡು ಮಾಸ್ತರರದ್ದು. ನಮ್ಮ ಸಣ್ಣ ಊರುಗಳಲ್ಲಿ ಒಬ್ಬರ ಮನೆಗೆ ನೋಟಿಸ್ ಬಂದದ್ದು ಇನ್ನೊಬ್ಬರಿಗೆ ತಿಳಿಯದೆ ಇರುತ್ತದೆಯೇ? ಬೆಲೆಯ ಕಥೆಯೂ ಹಾಗೇ. ಖರೀದಿ ಪತ್ರದಲ್ಲಿ ಸರ್ಕಾರಿ ಮಾರ್ಗಸೂಚಿ ದರ ಮಾತ್ರ ಬರೆದು ಉಳಿದದ್ದನ್ನು ಕೈಯಲ್ಲಿ ಕೊಡುವ ರೂಢಿ ಇದೆ. 14,50,000 ಕೊಟ್ಟು ಕಾಗದದಲ್ಲಿ 10 ಲಕ್ಷ ಅಂತ ಬರೆಸಿದರೆ, ಸರಿಯಾದ ಬೆಲೆ ಕೊಟ್ಟೆ ಅನ್ನಲು ಕಾಗದವೇ ಅಡ್ಡ ಬರುತ್ತದೆ. ಸ್ಟಾಂಪ್ ಡ್ಯೂಟಿ ಉಳಿಸಲು ಹೋಗಿ ಪ್ಲಾಟನ್ನೇ ಒತ್ತೆ ಇಟ್ಟಂತೆ.

ಇನ್ನೊಂದು ಹೆದರಿಕೆಯನ್ನೂ ಅದರ ಅಳತೆಯಲ್ಲೇ ನೋಡಬೇಕು. ಅನುಮತಿ ಇಲ್ಲದೆ ಮಾರಿದರೆ ಖರೀದಿ ಪತ್ರ ಪೂರ್ತಿ ಹರಿದು ಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ. ಅದು ಹಾಗಿಲ್ಲ. ಮಾರಿದವರು ಮತ್ತು ಕೊಂಡವರ ನಡುವೆ ಅದು ನಿಲ್ಲುತ್ತದೆ, ತೆರಿಗೆ ವಸೂಲಿಯ ಮಟ್ಟಿಗೆ ಮಾತ್ರ ನಿಲ್ಲುವುದಿಲ್ಲ. ಗಂಗಾಧರ ವಿಶ್ವನಾಥ ರಾನಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1998ರಲ್ಲಿ ಇನ್ನೂ ಒಂದು ಮಾತು ಹೇಳಿತು: ತೆರಿಗೆ ವಸೂಲಿ ಅಧಿಕಾರಿ ತನ್ನ ಮೇಜಿನ ಮೇಲೆ ಕೂತು ಮಾರಾಟ ಅಸಿಂಧು ಅಂತ ಘೋಷಿಸಲು ಬರುವುದಿಲ್ಲ, ಇಲಾಖೆ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಬೇಕು. ಇದು ಕೊಂಡವರಿಗೆ ಸ್ವಲ್ಪ ಧೈರ್ಯ ಕೊಡುವ ತೀರ್ಪು. ಆದರೆ ಸಂಬಳದಿಂದ ಕಂತು ಕಟ್ಟುವ ಮಾಸ್ತರರಿಗೆ ಸಿವಿಲ್ ದಾವೆ ಅಂದರೆ ಹತ್ತು ವರ್ಷದ ಅಲೆದಾಟ. ಬ್ಯಾಂಕಿನವರು ಅಂಥ ಪ್ಲಾಟಿಗೆ ಯಾಕೆ ಸಾಲ ಕೊಟ್ಟಾರು?

ಆದ್ದರಿಂದ ಅನುಮತಿಯ ಅರ್ಜಿಗೆ ಕೂತೆವು. ಬಾಂಡ್ ಬರೆಯುವವರೊಬ್ಬರು ಅಷ್ಟರಲ್ಲಿ ಎರಡು ಸಾಲಿನ ಅರ್ಜಿ ಬರೆದುಕೊಟ್ಟಿದ್ದರು: “ನನ್ನ ಪ್ಲಾಟ್ ಮಾರುತ್ತಿದ್ದೇನೆ, ಟ್ಯಾಕ್ಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೊಡಬೇಕಾಗಿ ವಿನಂತಿ.” ಇಂಥ ಅರ್ಜಿ ಕೊಟ್ಟರೆ ಬರುವ ಉತ್ತರ ಒಂದೇ: ಆ ಹೆಸರಿನ ಸರ್ಟಿಫಿಕೇಟ್ ಊರೊಳಗಿನ ಮಾರಾಟಕ್ಕೆ ಈಗ ಇಲ್ಲ. ಹೆಸರು ತಪ್ಪಿದರೆ ಕೆಲಸವೂ ತಪ್ಪುತ್ತದೆ. ಕೇಳಬೇಕಾದದ್ದು ‘ಕಲಂ 281ರ ಕೆಳಗೆ ಪೂರ್ವಾನುಮತಿ’.

ಅರ್ಜಿಗೆ ಮೊದಲು ಎರಡು ತಪಾಸಣೆ ಮಾಡಿದೆವು.

ಒಂದು, ಡಿಮಾಂಡ್ ಈಗ ಎಷ್ಟಿದೆ ಅಂತ. incometax.gov.in ತಾಣದಲ್ಲಿ ಕಾಕಾನ ಪಾನ್ ನಂಬರ್ ಹಾಕಿ ಒಳಗೆ ಹೋಗಿ Pending Actions ಒಳಗಿನ Response to Outstanding Demand ತೆರೆದೆವು. ಅಲ್ಲಿ ಯಾವ ವರ್ಷದ್ದು, ಎಷ್ಟು ಅಂತ ಕಾಣುತ್ತದೆ. ಅಲ್ಲೇ ಇದನ್ನು ನಾವು ಒಪ್ಪುವುದಿಲ್ಲ, ಅಪೀಲು ಹಾಕಿದ್ದೇವೆ ಅಂತ ದಾಖಲಿಸಲೂ ಬರುತ್ತದೆ. ಕಾಕಾನ ಸಾಲಿನಲ್ಲಿ ಆ ಉತ್ತರವೇ ದಾಖಲಾಗಿರಲಿಲ್ಲ. ಮೊದಲು ಅದನ್ನು ಮಾಡಿದೆವು. ಇ-ಮೇಲ್, ಫೋನ್ ನಂಬರ್ ಕೂಡ ಮನೆಯವರದ್ದೇ ಹಾಕಿದೆವು.

ಎರಡು, ಫೈಲು ವಸೂಲಿ ಅಧಿಕಾರಿಯ ಕೈಗೆ ಹೋಗಿದೆಯೇ ಅಂತ. ಇದು ಬಹಳ ಮುಖ್ಯ. ಬಾಕಿ ಬಹಳ ದಿನ ಉಳಿದರೆ ತೆರಿಗೆ ವಸೂಲಿ ಅಧಿಕಾರಿ ITCP-1 ಎಂಬ ನಮೂನೆಯಲ್ಲಿ ನೋಟಿಸ್ ಕೊಡುತ್ತಾರೆ, 15 ದಿನದಲ್ಲಿ ಕಟ್ಟಿ ಅಂತ. ಆ ನೋಟಿಸ್ ಕೈಸೇರಿದ ಮೇಲೆ ಕಲಂ 281ರ ಅರ್ಜಿಯ ಆಟ ಮುಗಿಯಿತು. ಆಮೇಲೆ ವಸೂಲಿ ಅಧಿಕಾರಿಯ ಅನುಮತಿ ಇಲ್ಲದೆ ಆಸ್ತಿ ಮಾರಲು ಬರುವುದಿಲ್ಲ. ಮನೆಯಲ್ಲಿರುವ ಹಳೇ ಕಾಗದದ ಗಂಟು ಬಿಚ್ಚಿ ಈ ನಮೂನೆಯ ಹೆಸರು ಇದೆಯೇ ಅಂತ ನೋಡಬೇಕು. ಕಾಕಾನ ಗಂಟಿನಲ್ಲಿ ಇರಲಿಲ್ಲ.

ಆಮೇಲೆ ಹಣದ ಲೆಕ್ಕ. ಡಿಮಾಂಡ್ ಪೂರ್ತಿ ಬಾಕಿ ಇಟ್ಟುಕೊಂಡು “ಮಾರಲು ಬಿಡಿ” ಅಂದರೆ ಅಧಿಕಾರಿ ಒಪ್ಪುವುದು ಕಷ್ಟ. ಅವರ ಚಿಂತೆ ಒಂದೇ: ಅಪೀಲಿನಲ್ಲಿ ನೀವು ಸೋತರೆ ನಾವು ಎಲ್ಲಿಂದ ವಸೂಲಿ ಮಾಡುವುದು? ಆ ಪ್ರಶ್ನೆಗೆ ಅರ್ಜಿಯೇ ಉತ್ತರ ಕೊಡಬೇಕು. ಮಾಸ್ತರರು ಸಂಚಕಾರ ಅಂತ 2,50,000 ರೂಪಾಯಿಯನ್ನು ಬ್ಯಾಂಕ್ ಮೂಲಕ ಕಾಕಾನ ಖಾತೆಗೆ ಹಾಕಿದರು. ಆಸ್ತಿ ವ್ಯವಹಾರದ ಮುಂಗಡವನ್ನು 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಾದರೆ ನಗದಿನಲ್ಲಿ ತೆಗೆದುಕೊಳ್ಳಬಾರದು, ಅದಕ್ಕೇ ದಂಡ ಇದೆ. ಆ ದುಡ್ಡಿನಲ್ಲಿ 2,00,232 ರೂಪಾಯಿಯನ್ನು ಇಲಾಖೆಗೆ ತುಂಬಿದೆವು. ತಾಣದಲ್ಲಿ ತುಂಬುವಾಗ Demand Payment as Regular Assessment Tax (400) ಎಂಬುದನ್ನೇ ಆರಿಸಿ, ಡಿಮಾಂಡಿನ ನಂಬರ್ ಸರಿ ಇದೆಯೇ ನೋಡಬೇಕು. ಬೇರೆ ತಲೆಬರಹದಲ್ಲಿ ತುಂಬಿದರೆ ದುಡ್ಡು ಹೋಗುತ್ತದೆ, ಡಿಮಾಂಡ್ ಇಳಿಯುವುದಿಲ್ಲ.

ಇಲ್ಲೊಂದು ಅಪಾಯವಿದೆ. ಅನುಮತಿ ಬರದಿದ್ದರೆ ಮಾಸ್ತರರಿಗೆ ಸಂಚಕಾರ ವಾಪಸ್ ಕೊಡಬೇಕು, ಆದರೆ ಅದರಲ್ಲಿ 2 ಲಕ್ಷ ಇಲಾಖೆಯ ಹತ್ತಿರ ಸಿಕ್ಕಿರುತ್ತದೆ. ಅದಕ್ಕೆ ಸಂಚಕಾರ ಪತ್ರದಲ್ಲಿ ಮೂರು ಮಾತು ಸ್ಪಷ್ಟ ಬರೆಸಿದೆವು. ತಗಾದೆಯ ವಿಷಯ ಕೊಳ್ಳುವವರಿಗೆ ತಿಳಿಸಲಾಗಿದೆ. ಅನುಮತಿ ಬಂದ ಮೇಲೆಯೇ ಖರೀದಿ. ಬರದಿದ್ದರೆ ಕಾಕಾ ಆರು ತಿಂಗಳಲ್ಲಿ ಬಡ್ಡಿಯಿಲ್ಲದೆ ಸಂಚಕಾರ ತಿರುಗಿಸಬೇಕು. ಮೂರನೇ ಮಾತಿಗೆ ಮಾಸ್ತರರು ಎರಡು ದಿನ ಯೋಚನೆ ಮಾಡಿ ಒಪ್ಪಿದರು.

ಪ್ಲಾಟಿನ ವಿವರ ಬರೆಯುವಾಗ ನಮ್ಮ ಜಿಲ್ಲೆಗೇ ಇರುವ ಒಂದು ತೊಡಕು ಎದುರಾಯಿತು. ಗದಗ ಜಿಲ್ಲೆ ಆದದ್ದು 1997ರಲ್ಲಿ. ಲಕ್ಷ್ಮೇಶ್ವರ ತಾಲ್ಲೂಕಾದದ್ದು ಇತ್ತೀಚೆಗೆ, ಅದಕ್ಕೆ ಮೊದಲು ಅದು ಶಿರಹಟ್ಟಿ ತಾಲ್ಲೂಕಿನಲ್ಲಿತ್ತು. ಕಾಕಾ ಕೊಂಡ ಕಾಲದ ಪತ್ರದಲ್ಲಿ ‘ಶಿರಹಟ್ಟಿ ತಾಲ್ಲೂಕು’, ಈಗಿನ ಇ-ಖಾತೆಯಲ್ಲಿ ‘ಲಕ್ಷ್ಮೇಶ್ವರ ತಾಲ್ಲೂಕು’. ಅದಕ್ಕೂ ಹಳೇ ಪತ್ರಗಳಾದರೆ ‘ಧಾರವಾಡ ಜಿಲ್ಲೆ’ ಅಂತಲೇ ಇರುತ್ತದೆ. ಅನುಮತಿ ಪತ್ರದಲ್ಲಿ ಒಂದು, ಖರೀದಿ ಪತ್ರದಲ್ಲಿ ಇನ್ನೊಂದು ಇದ್ದರೆ ಬ್ಯಾಂಕಿನ ವಕೀಲರು ಎರಡೂ ಒಂದೇ ಪ್ಲಾಟ್ ಅಂತ ನಂಬುವುದಿಲ್ಲ. ಆದ್ದರಿಂದ ಎರಡನ್ನೂ ಬರೆದೆವು.

ಕಾಕಾ ಕೊಟ್ಟ ಅರ್ಜಿಯ ಒಕ್ಕಣೆ ಹೀಗಿತ್ತು. ಇದರ ಜೊತೆ ಇಂಗ್ಲಿಷ್ ಪ್ರತಿಯನ್ನೂ ಇಟ್ಟೆವು. ನಂಬರ್‌ಗಳನ್ನು ಇಲ್ಲಿ ಬಿಟ್ಟಿದ್ದೇವೆ.

ಇವರಿಗೆ,
ಅಸೆಸಿಂಗ್ ಆಫೀಸರ್, ಆದಾಯ ತೆರಿಗೆ ಇಲಾಖೆ.

ವಿಷಯ: ಆದಾಯ ತೆರಿಗೆ ಕಾಯ್ದೆ 1961ರ ಕಲಂ 281ರ ಕೆಳಗೆ ಸ್ಥಿರಾಸ್ತಿ ಮಾರಲು ಪೂರ್ವಾನುಮತಿ ಕೋರಿ. ಪಾನ್ ನಂ. ______

ಮಾನ್ಯರೇ,

1. ನಾನು ಮುಂಡರಗಿ ತಾಲ್ಲೂಕಿನ ರೈತ. 2017-18ನೇ ಅಸೆಸ್‌ಮೆಂಟ್ ವರ್ಷಕ್ಕೆ ನನ್ನ ಮೇಲೆ 10,01,160 ರೂಪಾಯಿ ಡಿಮಾಂಡ್ ಇದೆ. ಇದರ ವಿರುದ್ಧ ನಾನು ಅವಧಿಯೊಳಗೆ ಮೇಲ್ಮನವಿ ಹಾಕಿದ್ದೇನೆ. ಸ್ವೀಕೃತಿ ನಂ. ______. ಅದು ಇನ್ನೂ ತೀರ್ಮಾನವಾಗಿಲ್ಲ. ಇದನ್ನು ಬಿಟ್ಟು ನನ್ನ ಮೇಲೆ ಬೇರೆ ಬಾಕಿ ಅಥವಾ ವಿಚಾರಣೆ ಇಲ್ಲ.

2. ಸದರಿ ಡಿಮಾಂಡಿನ ನೂರಕ್ಕೆ 20ರಷ್ಟು, ಅಂದರೆ 2,00,232 ರೂಪಾಯಿ ತುಂಬಿದ್ದೇನೆ. ಚಲನ್ ಲಗತ್ತಿಸಿದೆ. ಉಳಿದ 8,00,928 ರೂಪಾಯಿಗೆ ಕಲಂ 220(6)ರ ಕೆಳಗೆ ತಡೆ ಕೋರಿ ಬೇರೆ ಅರ್ಜಿ ಕೊಟ್ಟಿದ್ದೇನೆ.

3. ನಾನು ಮಾರಬೇಕೆಂದಿರುವ ಆಸ್ತಿ: ಲಕ್ಷ್ಮೇಶ್ವರ ಪುರಸಭೆ ಹದ್ದಿನ ಪ್ಲಾಟ್ ನಂ. ______, ಅಳತೆ 30×40 ಅಡಿ. ಹಿಂದಿನ ಪತ್ರದಲ್ಲಿ ಶಿರಹಟ್ಟಿ ತಾಲ್ಲೂಕು, ಈಗ ಲಕ್ಷ್ಮೇಶ್ವರ ತಾಲ್ಲೂಕು. ಬೆಲೆ 14,50,000 ರೂಪಾಯಿ. ಇದು ಸರ್ಕಾರದ ಮಾರ್ಗಸೂಚಿ ಬೆಲೆಗಿಂತ ಹೆಚ್ಚಿದೆ. ಪೂರ್ತಿ ಹಣ ಬ್ಯಾಂಕ್ ಮೂಲಕವೇ ಬರುತ್ತದೆ. ಕೊಳ್ಳುವವರು ನನ್ನ ಸಂಬಂಧಿಕರಲ್ಲ.

4. ಮಾರಾಟದ ಕಾರಣ ಮಗಳ ಮದುವೆ ಸಾಲ ತೀರಿಸುವುದು. ಸಾಲದ ಕಾಗದ ಲಗತ್ತಿಸಿದೆ.

5. ಈ ಮಾರಾಟದ ನಂತರ ನನ್ನ ಹೆಸರಿನಲ್ಲಿ ಉಳಿಯುವ ಆಸ್ತಿ: ಮುಂಡರಗಿ ತಾಲ್ಲೂಕಿನ 4 ಎಕರೆ 20 ಗುಂಟೆ ಹೊಲ ಮತ್ತು ವಾಸದ ಮನೆ. ಉತಾರ ಲಗತ್ತಿಸಿದೆ. ಹೊಲದ ಮಾರ್ಗಸೂಚಿ ಬೆಲೆ ಉಳಿದ ಡಿಮಾಂಡಿಗಿಂತ ಹೆಚ್ಚಿದೆ. ಮೇಲ್ಮನವಿ ಮುಗಿಯುವ ತನಕ ತಮಗೆ ತಿಳಿಸದೆ ಆ ಹೊಲವನ್ನು ಮಾರುವುದಿಲ್ಲ, ಒತ್ತೆ ಇಡುವುದಿಲ್ಲ ಎಂದು ಬರೆದುಕೊಡುತ್ತೇನೆ.

6. ಈ ಮಾರಾಟದ ಲಾಭವನ್ನು ಈ ವರ್ಷದ ರಿಟರ್ನ್‌ನಲ್ಲಿ ತೋರಿಸುತ್ತೇನೆ.

ಆದ್ದರಿಂದ ಸದರಿ ಪ್ಲಾಟನ್ನು ಮಾರಲು ಕಲಂ 281ರ ಕೆಳಗೆ ಅನುಮತಿ ಕೊಡಬೇಕೆಂದು ವಿನಂತಿ.

ಈ ಅರ್ಜಿಯ ಜೀವ ಇರುವುದು ಐದನೇ ಕಲಮಿನಲ್ಲಿ. ನಾಲ್ಕನೆಯದು ಕಷ್ಟ ಹೇಳುತ್ತದೆ, ಅದಕ್ಕೆ ಮನಸ್ಸು ಕರಗಬಹುದು, ಆದರೆ ಸಹಿ ಬೀಳುವುದು ಐದನೆಯದನ್ನು ನೋಡಿ. ಹೊಲವೂ ಇಲ್ಲ, ಇದ್ದದ್ದೊಂದೇ ಪ್ಲಾಟ್ ಅನ್ನುವವರು ಏನು ಮಾಡಬೇಕು? ಅಂಥವರು ಮಾರಿದ ದುಡ್ಡಿನಲ್ಲಿ ತಗಾದೆಯ ಮೊತ್ತದಷ್ಟನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟು, ಅಪೀಲು ಮುಗಿಯುವ ತನಕ ಮುಟ್ಟುವುದಿಲ್ಲ ಅಂತ ಬರೆದುಕೊಡಬಹುದು. ಅಥವಾ ಬ್ಯಾಂಕ್ ಗ್ಯಾರಂಟಿ ಕೊಡಬಹುದು. ಬರಿಗೈ ತೋರಿಸಿ ಅನುಮತಿ ಸಿಗುವುದು ಕಷ್ಟ. ಆಗ ಅಪೀಲನ್ನು ಬೇಗ ವಿಚಾರಣೆಗೆ ತೆಗೆದುಕೊಳ್ಳಿ ಅಂತ ಅರ್ಜಿ ಹಾಕುವುದೊಂದೇ ಉಳಿಯುತ್ತದೆ.

ಮೂರನೇ ಕಲಮಿನ ‘ಸಂಬಂಧಿಕರಲ್ಲ’ ಅನ್ನುವ ಮಾತು ಸಣ್ಣದೆಂದು ಕಾಣಬಹುದು. ತೆರಿಗೆ ತಪ್ಪಿಸಲು ಹೆಂಡತಿ, ಮಕ್ಕಳು, ಅಳಿಯನ ಹೆಸರಿಗೆ ಆಸ್ತಿ ಬರೆದುಕೊಡುವವರನ್ನು ಹಿಡಿಯಲೆಂದೇ ಈ ಕಲಂ ಇದೆ. ಅದಕ್ಕೆ ದಾನಪತ್ರ ಬರೆಯುವವರಿಗೆ ಬೆಲೆಯ ರಕ್ಷಣೆ ಸಿಗುವುದೇ ಇಲ್ಲ. ಅಲ್ಲಿ ಬೆಲೆಯೇ ಇಲ್ಲವಲ್ಲ.

ಎಷ್ಟು ಮುಂಚೆ ಕೊಡಬೇಕು? ತೆರಿಗೆ ಮಂಡಳಿಯ 2011ರ 4ನೇ ಸುತ್ತೋಲೆ ವ್ಯವಹಾರಕ್ಕೆ ಕನಿಷ್ಠ 30 ದಿನ ಮುಂಚೆ ಅರ್ಜಿ ಕೊಡಿ ಅನ್ನುತ್ತದೆ. ಅದು ಮುಖ್ಯವಾಗಿ ವ್ಯಾಪಾರದ ಆಸ್ತಿಯ ಮೇಲೆ ಸಾಲ ಎತ್ತುವವರಿಗಾಗಿ ಬರೆದದ್ದು, ಆದರೂ ನಮ್ಮಂಥವರಿಗೂ ಅದು ಒಳ್ಳೆಯ ಅಳತೆ. ಇಷ್ಟೇ ದಿನದಲ್ಲಿ ಅನುಮತಿ ಕೊಡಬೇಕು ಅಂತ ಕಲಂ 281ರಲ್ಲಿ ಗಡುವಿಲ್ಲ. ಆದ್ದರಿಂದ ಸಂಚಕಾರದ ಅವಧಿಯನ್ನು ಒಂದು ತಿಂಗಳಿಗೆ ಬರೆಸಬಾರದು. ಕಾಕಾ 90 ದಿನ ಬರೆಸಿದ್ದರು.

ಅರ್ಜಿಯನ್ನು ಕೈಯಾರೆ ಕೊಟ್ಟು, ನಮ್ಮ ಪ್ರತಿಯ ಮೇಲೆ ತಾರೀಖಿನ ಮೊಹರು ಹಾಕಿಸಿಕೊಂಡೆವು. ಮೂರು ವಾರದ ಮೇಲೆ ತಡೆ ಆದೇಶ ಬಂತು. ಆಮೇಲೆ ಒಂದು ಪ್ರಶ್ನೆ ಬಂತು: ಹೊಲದ ಮೇಲೆ ಸೊಸೈಟಿ ಸಾಲದ ಬೋಜಾ ಇದೆಯೇ? ಉತಾರದಲ್ಲಿ 60,000 ರೂಪಾಯಿಯ ಬೆಳೆ ಸಾಲ ಕಾಣುತ್ತಿತ್ತು. ಅದು ತೀರಿ ಎರಡು ವರ್ಷವಾಗಿತ್ತು, ಬೋಜಾ ಮಾತ್ರ ಉತಾರದಿಂದ ಇಳಿದಿರಲಿಲ್ಲ. ಸೊಸೈಟಿಯಿಂದ ತೀರುವಳಿ ಪತ್ರ ತಂದು ಕೊಟ್ಟೆವು. ಇದರಲ್ಲೇ ಹತ್ತು ದಿನ ಹೋಯಿತು. ಅರ್ಜಿ ಕೊಡುವ ಮೊದಲೇ ಉತಾರ ಚೊಕ್ಕ ಇದ್ದರೆ ಆ ಹತ್ತು ದಿನ ಉಳಿಯುತ್ತವೆ.

ಒಟ್ಟು 41 ದಿನದ ಮೇಲೆ ಅನುಮತಿ ಪತ್ರ ಕೈಗೆ ಬಂತು. ಒಂದೇ ಪುಟ. ಇಂಥ ಪ್ಲಾಟ್, ಇಂಥವರಿಗೆ, ಇಷ್ಟು ಬೆಲೆಗೆ, ಆರು ತಿಂಗಳ ಒಳಗೆ ಮಾರಲು ಅನುಮತಿ ಇದೆ, ಹೊಲದ ಬಗ್ಗೆ ಬರೆದುಕೊಟ್ಟ ಮಾತಿಗೆ ಬದ್ಧರಿರಬೇಕು ಎಂದಿತ್ತು. ಕಾಕಾ ಅದನ್ನು ಎರಡು ಸಲ ಓದಿಸಿಕೊಂಡು ಕೇಳಿದರು: “ಹಂಗಾದ್ರ ತಗಾದೆ ಮುಗೀತೇನಪಾ?”

ಮುಗಿದಿಲ್ಲ. ಅನುಮತಿ ಪತ್ರ ಕೊಂಡವರನ್ನು ಕಾಯುತ್ತದೆ, ಮಾರಿದವರ ಡಿಮಾಂಡನ್ನು ಅಳಿಸುವುದಿಲ್ಲ. ಅಪೀಲಿನಲ್ಲಿ ಸೋತರೆ ಉಳಿದ 8 ಲಕ್ಷವನ್ನೂ ಅದರ ಮೇಲೆ ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿಯನ್ನೂ ಕಾಕಾ ಕಟ್ಟಬೇಕು. ತಡೆ ಇದ್ದ ಕಾಲಕ್ಕೂ ಆ ಬಡ್ಡಿ ಓಡುತ್ತದೆ. ಗೆದ್ದರೆ ತುಂಬಿದ 2,00,232 ರೂಪಾಯಿ ಬಡ್ಡಿ ಸಮೇತ ತಿರುಗಿ ಬರುತ್ತದೆ. ಮದುವೆ ಸಾಲ ತೀರಿದ ಮೇಲೆ ಉಳಿದ ದುಡ್ಡಿಗೆ ಮನೆಯಲ್ಲಿ ಬೇರೆ ಬೇರೆ ಆಸೆಗಳಿದ್ದವು. ಕಾಕಾ ಅದರಲ್ಲಿ 4 ಲಕ್ಷವನ್ನು ಠೇವಣಿ ಇಟ್ಟರು, ಅಪೀಲು ಏನಾಗುತ್ತದೋ ನೋಡೋಣ ಅಂತ.

2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದಿದೆ, ಅದರಲ್ಲಿ ಕಲಂಗಳ ಸಂಖ್ಯೆ ಬೇರೆ. ಆದರೆ ಹಿಂದಿನ ವರ್ಷಗಳ ತಗಾದೆ ಹಳೇ ಕಾಯ್ದೆಯ ಕೆಳಗೇ ನಡೆಯುತ್ತದೆ. ನಿಮ್ಮ ಡಿಮಾಂಡ್ ಯಾವ ವರ್ಷದ್ದು ಅಂತ ಮೊದಲು ನೋಡಿ, ಅದರಂತೆ ಅರ್ಜಿಯಲ್ಲಿ ಕಲಂ ಬರೆಯಿರಿ.

ಖರೀದಿಯ ದಿನ ಮಾಸ್ತರರು 14,50,000 ಅಂತಲೇ ಪತ್ರದಲ್ಲಿ ಬರೆಸಿದರು. ಅನುಮತಿ ಪತ್ರದ ತಾರೀಖು ಮತ್ತು ನಂಬರನ್ನೂ ಖರೀದಿ ಪತ್ರದ ಒಳಗೇ ಸೇರಿಸಿದರು. ಮುಂದೆ ಯಾವತ್ತಾದರೂ ಅವರು ಆ ಪ್ಲಾಟ್ ಮಾರುವಾಗ ಅಥವಾ ಯಾರಾದರೂ ಬಂದು ಕೇಳಿದಾಗ ತೋರಿಸಬೇಕಾದ ಕಾಗದ ಅದು. ಅದಕ್ಕೆ ಮೂಲ ಪ್ರತಿ ಮಾಸ್ತರರ ಹತ್ತಿರ ಇದೆ, ಕಾಕಾನ ಹತ್ತಿರ ಝರಾಕ್ಸ್ ಇದೆ.